ಕಳೆದುಹೋದ ಟಿಕೆಟ್ ಬದಲು ನಕಲು ಟಿಕೆಟ್ ಕೊಡುವಂತೆ ಸ್ಟೇಷನ್ ಮ್ಯಾನೇಜರ್ ಅವರಿಗೆ ಪತ್ರ

ದಿನಾಂಕ: 12 ನವೆಂಬರ್ 2025, ಬುಧವಾರ

ಇವರಿಂದ,
ಸುಮಾ (ವಯಸ್ಸು 44)
ಟಿಕೆಟ್ ಕಾಯ್ದಿರಿಸಿದವರು

ಇವರಿಗೆ,
ಸ್ಟೇಷನ್ ಮ್ಯಾನೇಜರ್ ಅವರು
ರೈಲು ನಿಲ್ದಾಣ

ವಿಷಯ: ಇದೇ 14ರ ಶುಕ್ರವಾರದ ಪ್ರಯಾಣಕ್ಕೆ ತೆಗೆದುಕೊಂಡ ಟಿಕೆಟ್ ಕಳೆದುಹೋಗಿದ್ದು, ಚಾರ್ಟ್ ಆಗುವ ಮೊದಲು ನಕಲು ಟಿಕೆಟ್ ಕೊಡಬೇಕೆಂದು ಮನವಿ. ಪಿಎನ್‌ಆರ್ 4628173905.

ಮಾನ್ಯರೇ,

ಶುಕ್ರವಾರ ರಾತ್ರಿ 9:40ಕ್ಕೆ ತಮ್ಮ ನಿಲ್ದಾಣದಿಂದ ಹೊರಡುವ ಎಕ್ಸ್‌ಪ್ರೆಸ್ ರೈಲಿನಲ್ಲಿ ನಮ್ಮ ಮನೆಯ ಮೂವರಿಗೆ ಸೀಟು ಖಚಿತವಾಗಿದೆ. ಸ್ಲೀಪರ್ ಕ್ಲಾಸ್, ಎಸ್ 5 ಬೋಗಿ. 17ನೇ ಬರ್ತ್ ನಮ್ಮ ತಾಯಿ ಲಕ್ಷ್ಮಮ್ಮನವರದು (71 ವರ್ಷ), 18 ನನ್ನದು, 19 ನನ್ನ ಮಗ ನಿಖಿಲ್‌ದು (16 ವರ್ಷ). ಅಕ್ಟೋಬರ್ 22ರಂದು ನಾನೇ ತಮ್ಮ ರಿಸರ್ವೇಶನ್ ಕೌಂಟರಿಗೆ ಬಂದು ಫಾರಂ ತುಂಬಿ, ನಗದು ಕೊಟ್ಟು ಈ ಟಿಕೆಟ್ ತೆಗೆದುಕೊಂಡಿದ್ದೆ. ಮೂವರಿಗೂ ಸೇರಿ ಒಂದೇ ಟಿಕೆಟ್. ಆ ಒಂದು ಕಾಗದ ಈಗ ನನ್ನ ಹತ್ತಿರ ಇಲ್ಲ.

ಕಳೆದದ್ದು ಮೊನ್ನೆ ಸೋಮವಾರ. ತಾಯಿಗೆ ಕಣ್ಣಿನ ಆಪರೇಷನ್ ಆಗಿದೆ. ಶನಿವಾರ ಬೆಳಿಗ್ಗೆ ಡಾಕ್ಟರ್ ಮತ್ತೆ ನೋಡಬೇಕು ಅಂದಿದ್ದಾರೆ. ಅದಕ್ಕಾಗಿಯೇ ಈ ಪ್ರಯಾಣ. ಅವರ ಹಳೆಯ ರಿಪೋರ್ಟ್‌ಗಳನ್ನೆಲ್ಲ ಜೆರಾಕ್ಸ್ ಮಾಡಿಸಲು ಫೈಲ್ ತೆಗೆದುಕೊಂಡು ಹೋಗಿದ್ದೆ. ಟಿಕೆಟನ್ನು ಮಡಚಿ ಅದೇ ಫೈಲಿನ ಹೊದಿಕೆಯಲ್ಲಿ ಸಿಕ್ಕಿಸಿದ್ದೆ. ಎಲ್ಲೂ ಹೋಗದಿರಲಿ ಅಂತ ಇಟ್ಟ ಜಾಗ ಅದು. ಮನೆಗೆ ಬಂದು ನೋಡಿದರೆ ರಿಪೋರ್ಟ್‌ಗಳು ಎಲ್ಲ ಇದ್ದವು, ಟಿಕೆಟ್ ಇರಲಿಲ್ಲ. ಜೆರಾಕ್ಸ್ ಅಂಗಡಿಗೆ ವಾಪಸ್ ಹೋಗಿ ಅವರ ಕಸದ ಬುಟ್ಟಿಯನ್ನೂ ಸುರಿಸಿ ನೋಡಿದೆ. ಹೋಗಿಬಂದ ಆಟೋದವರನ್ನೂ ಹುಡುಕಿ ಕೇಳಿದೆ. ಸಿಗಲಿಲ್ಲ. ಪರ್ಸ್, ಮೊಬೈಲ್ ಯಾವುದೂ ಹೋಗಿಲ್ಲ. ಕಳವು ಅನ್ನೋದಕ್ಕೆ ಕಾರಣ ಇಲ್ಲ, ಹಾಗಾಗಿ ಪೊಲೀಸ್ ದೂರು ಕೊಟ್ಟಿಲ್ಲ. ಅದು ಬೇಕೇ ಬೇಕು ಎಂದರೆ ಇವತ್ತೇ ಹೋಗಿ ಕೊಟ್ಟು ಪ್ರತಿ ತರುತ್ತೇನೆ. ತಪ್ಪು ಪೂರ್ತಿ ನನ್ನದು.

ನಿನ್ನೆ ಕೌಂಟರಿಗೆ ಬಂದು ವಿಚಾರಿಸಿದೆ. ಅಲ್ಲಿದ್ದವರು ಪಿಎನ್‌ಆರ್ ಹಾಕಿ ನೋಡಿ, ಮೂರೂ ಹೆಸರು ಇದೆ, ಟಿಕೆಟ್ ರದ್ದಾಗಿಲ್ಲ ಎಂದು ಹೇಳಿದರು. ನಕಲು ಟಿಕೆಟ್ ಬೇಕಾದರೆ ತಮಗೆ ಬರೆದುಕೊಡಿ ಎಂದರು. ಅದಕ್ಕೇ ಈ ಪತ್ರ.

ಟಿಕೆಟ್ ತಂದ ದಿನ ಮಗ ಅದರ ಫೋಟೋ ತೆಗೆದು ಅವನ ಮಾವನಿಗೆ ಕಳಿಸಿದ್ದ. ಪುಣ್ಯಕ್ಕೆ ಅದು ಉಳಿದಿದೆ. ಪಿಎನ್‌ಆರ್, ಟಿಕೆಟ್ ನಂಬರ್, ಕೊಟ್ಟ ಹಣ ಎಲ್ಲ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಬುಕಿಂಗ್ ಆದಾಗ ಬಂದ ಮೆಸೇಜ್ ಕೂಡ ನನ್ನ ಫೋನಿನಲ್ಲಿದೆ. ಆನ್‌ಲೈನ್ ಟಿಕೆಟ್ ಆಗಿದ್ದರೆ ಮೆಸೇಜ್ ಜೊತೆ ಗುರುತಿನ ಚೀಟಿ ತೋರಿಸಿ ಹೋಗಬಹುದಿತ್ತು. ಕೌಂಟರ್ ಟಿಕೆಟ್ಟಿಗೆ ಅದು ನಡೆಯಲ್ಲ, ಕಾಗದವೇ ಕೈಯಲ್ಲಿರಬೇಕು ಎಂದು ಗೊತ್ತಿದೆ. ಫೋಟೋ ತೋರಿಸಿ ರೈಲು ಹತ್ತಿ, ಟಿಟಿಇ ಜೊತೆ ವಾದ ಮಾಡುವ ಯೋಚನೆ ನನಗಿಲ್ಲ. ಟಿಕೆಟ್ ತೆಗೆದುಕೊಂಡದ್ದು ನಾನೇ ಎಂದು ತೋರಿಸಲು ಮಾತ್ರ ಅದನ್ನು ಲಗತ್ತಿಸಿದ್ದೇನೆ. ಇನ್ನೂ ಅನುಮಾನ ಇದ್ದರೆ, ಅಕ್ಟೋಬರ್ 22ರ ರಿಸರ್ವೇಶನ್ ಫಾರಂ ತಮ್ಮಲ್ಲೇ ಇರುತ್ತದೆ ಅಲ್ವಾ? ಅದರಲ್ಲಿರುವ ಬರಹ, ಸಹಿ, ಮೊಬೈಲ್ ನಂಬರ್ ಮೂರೂ ನನ್ನದೇ. ಈ ಪತ್ರದ ಕೈಬರಹದ ಜೊತೆ ಹೋಲಿಸಿ ನೋಡಬಹುದು.

ನನ್ನ ಮೊದಲ ಮನವಿ ಇದು: ದಯವಿಟ್ಟು ಇವತ್ತು ಅಥವಾ ನಾಳೆಯೊಳಗೆ ನಕಲು ಟಿಕೆಟ್ ಕೊಡಿಸಿ. ಚಾರ್ಟ್ ಆಗುವ ಮೊದಲಾದರೆ ಸಣ್ಣ ಶುಲ್ಕದಲ್ಲಿ ಮುಗಿಯುತ್ತದೆ, ಚಾರ್ಟ್ ಆದ ಮೇಲಾದರೆ ಟಿಕೆಟ್ ದರದ ಅರ್ಧದಷ್ಟು ಕಟ್ಟಬೇಕು. ಮೂರು ಜನಕ್ಕೆ ಅದು ನಮಗೆ ಜಾಸ್ತಿಯೇ. ನಿಯಮದ ಪ್ರಕಾರ ಈಗ ಎಷ್ಟಾಗುತ್ತದೋ ಅಷ್ಟನ್ನು ಕಟ್ಟಲು ಹಣ ತಂದಿದ್ದೇನೆ.

ಎರಡನೆಯದು, ಕಳೆದ ಟಿಕೆಟ್ ಬೇರೆ ಯಾರಿಗಾದರೂ ಸಿಕ್ಕಿರಬಹುದು. ಯಾರಾದರೂ ಅದನ್ನು ಕೌಂಟರಿಗೆ ತಂದು ರದ್ದು ಮಾಡಿ ಹಣ ಕೇಳಿದರೆ ನಮ್ಮ ಮೂರು ಬರ್ತ್‌ಗಳೂ ಹೋಗುತ್ತವೆ. ನಿನ್ನೆ ರಾತ್ರಿ ನನಗೆ ನಿದ್ದೆ ಬಾರದೇ ಇದ್ದದ್ದು ಈ ಯೋಚನೆಗೆ. ಈ ಪಿಎನ್‌ಆರ್ ಮೇಲೆ ರದ್ದತಿಗಾಗಲೀ ಹಣ ವಾಪಸಿಗಾಗಲೀ ಯಾರೇ ಬಂದರೂ ಕೊಡದಂತೆ, ನಕಲು ಟಿಕೆಟ್ ಸಿದ್ಧವಾಗುವ ಮೊದಲೇ ಕೌಂಟರಿನವರಿಗೆ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ.

ನನ್ನ ಕಡೆಯಿಂದ ಈ ಮಾತು ಕೊಡುತ್ತೇನೆ. ಈ ಟಿಕೆಟನ್ನು ನಾನು ರದ್ದು ಮಾಡಿಲ್ಲ. ಇದಕ್ಕೆ ಹಣ ವಾಪಸ್ ಕೇಳಿಲ್ಲ. ಯಾರಿಗೂ ಮಾರಿಲ್ಲ, ಕೊಟ್ಟಿಲ್ಲ. ಮೂಲ ಟಿಕೆಟ್ ಸಿಕ್ಕಿದರೆ ರೈಲು ಹೊರಡುವ ಮುಂಚೆಯೇ ಎರಡನ್ನೂ ತಮ್ಮಲ್ಲಿಗೆ ತಂದು ತೋರಿಸುತ್ತೇನೆ. ಆಗ ನಕಲು ಟಿಕೆಟ್ಟಿಗೆ ಕಟ್ಟಿದ ಶುಲ್ಕದಲ್ಲಿ ಸ್ವಲ್ಪ ಹಿಡಿದು ಉಳಿದದ್ದನ್ನು ಕೊಡುವ ಪದ್ಧತಿ ಇದೆ. ಅದು ಬಂದರೆ ಸರಿ, ಬರದಿದ್ದರೂ ಚಿಂತೆಯಿಲ್ಲ. ಒಂದೇ ಪ್ರಯಾಣಕ್ಕೆ ಎರಡು ಟಿಕೆಟ್ ಓಡಾಡುವುದಕ್ಕೆ ನಾನು ಬಿಡುವುದಿಲ್ಲ. ಈ ಮಾತು ತಪ್ಪಿ ರೈಲ್ವೆಗೆ ಏನಾದರೂ ನಷ್ಟವಾದರೆ ಅದನ್ನು ನಾನೇ ಭರಿಸುತ್ತೇನೆ. ಇದನ್ನು ಬೇರೆ ಮುಚ್ಚಳಿಕೆಯಾಗಿ ಬರೆದುಕೊಡಬೇಕಿದ್ದರೆ, ತಾವು ಹೇಳಿದ ನಮೂನೆಯಲ್ಲಿ ಬರೆದು ಸಹಿ ಹಾಕುತ್ತೇನೆ.

ಬೇರೆ ಟಿಕೆಟ್ ತೆಗೆದುಕೊಳ್ಳಬಹುದಲ್ಲ ಎಂದು ಮನೆಯಲ್ಲೂ ಕೇಳಿದರು. ರೈಲಿನಲ್ಲಿ ಈಗ ಉಳಿದಿರುವುದು ವೇಟಿಂಗ್ ಲಿಸ್ಟ್ ಮಾತ್ರ. ತತ್ಕಾಲ್‌ನಲ್ಲಿ ಸಿಕ್ಕರೂ ತಾಯಿಗೆ ಕೆಳಗಿನ ಬರ್ತ್ ಸಿಗುವ ಭರವಸೆ ಇಲ್ಲ. ಆಪರೇಷನ್ ಆದ ಕಣ್ಣಿಟ್ಟುಕೊಂಡು ಅವರು ಏಣಿ ಹತ್ತುವ ಹಾಗಿಲ್ಲ. 17ನೇ ಬರ್ತ್ ಕೆಳಗಿನದು. ಅದು ಸಿಗಲಿ ಎಂದೇ ಮೂರು ವಾರ ಮೊದಲು ಬಂದು ಸಾಲಿನಲ್ಲಿ ನಿಂತಿದ್ದೆ. ಇನ್ನು ಕಳೆದ ಟಿಕೆಟ್ಟಿನ ಹಣ, ಮೂಲ ಪ್ರತಿ ಇಲ್ಲದೆ ವಾಪಸ್ ಬರುವುದಿಲ್ಲ. ಅಂದರೆ ನಮ್ಮದೇ ಹೆಸರಿನ ಬರ್ತ್‌ಗಳು ರೈಲಿನಲ್ಲಿ ಖಾಲಿ ಹೋಗುತ್ತಿರುವಾಗ ನಾವು ಬೇರೆ ಬರ್ತ್‌ಗೆ ಇನ್ನೊಮ್ಮೆ ದುಡ್ಡು ಕೊಟ್ಟಂತೆ.

ಏನೋ ಕಾರಣದಿಂದ ನಕಲು ಟಿಕೆಟ್ ಕೊಡಲು ಆಗುವುದೇ ಇಲ್ಲ ಎಂದಾದರೆ, ದಯವಿಟ್ಟು ಅದನ್ನು ಇದೇ ಪತ್ರದ ಮೇಲೆ ಎರಡು ಸಾಲು ಬರೆದು ಇವತ್ತೇ ತಿಳಿಸಿ. ನಾಳೆ ಬೆಳಿಗ್ಗೆ 11ಕ್ಕೆ ಸ್ಲೀಪರ್ ತತ್ಕಾಲ್ ಶುರುವಾಗುತ್ತದೆ. ಅದಕ್ಕಾದರೂ ಪ್ರಯತ್ನ ಮಾಡಲು ನನಗೆ ಸಮಯ ಸಿಗುತ್ತದೆ.

ಟಿಕೆಟ್ಟಿನ ಫೋಟೋ ಪ್ರಿಂಟ್, ಬುಕಿಂಗ್ ಮೆಸೇಜಿನ ಪ್ರಿಂಟ್, ಮೂವರ ಆಧಾರ್ ಪ್ರತಿ ಮತ್ತು ಶನಿವಾರ ಬರಲು ಡಾಕ್ಟರ್ ಬರೆದ ಚೀಟಿಯ ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. ಮೂಲ ಆಧಾರ್ ಕೂಡ ಕೈಯಲ್ಲಿದೆ, ಕೇಳಿದರೆ ತೋರಿಸುತ್ತೇನೆ. ಸಂಜೆ 4 ಗಂಟೆಯವರೆಗೆ ವಿಚಾರಣೆ ಕೌಂಟರಿನ ಎದುರಿನ ಬೆಂಚಿನ ಮೇಲೆ ಕೂತಿರುತ್ತೇನೆ. ಆಮೇಲೆ ಫಾರಂನಲ್ಲಿರುವ ನಂಬರಿಗೆ ಕರೆ ಮಾಡಿದರೆ ಅರ್ಧ ಗಂಟೆಯಲ್ಲಿ ಬರಬಲ್ಲೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಸುಮಾ