ಮೂಲೆಮನೆಗೆ ಪಾರ್ಸೆಲ್ ತರೋ ಅಣ್ಣಂಗೆ ದಾರಿ

ಅಣ್ಣಾ ನಮಸ್ಕಾರ, ಈಗ ಫೋನಲ್ಲಿ ಮಾತಾಡಿದ್ನಲ್ಲ, ಶಿರಸಿಯಿಂದ ಹೊರಡೋಕೆ ಇನ್ನೂ ಅರ್ಧ ಗಂಟೆ ಇದೆ ಅಂದ್ರಿ, ಅಷ್ಟರೊಳಗೆ ಇದನ್ನ ಒಂದ್ಸಲ ಪೂರ್ತಿ ಓದ್ಕೊಳ್ಳಿ. ಆಮೇಲೆ ಸ್ಕ್ರೀನ್‌ಶಾಟ್ ತೆಗೆದು ಇಟ್ಕೊಳ್ಳಿ, ಯಾಕಂದ್ರೆ ಮೇನ್ ರೋಡ್ ಬಿಟ್ಟು ಒಳಗೆ ಹೊರಳಿದ ಮೇಲೆ ನೆಟ್‌ವರ್ಕ್ ಪೂರ್ತಿ ಹೋಗ್ತದೆ, ನಡುವೆ ನಿಂತು ನಂಗೆ ಕಾಲ್ ಮಾಡ್ತೆ ಅಂದ್ರೂ ಆಗೂದಿಲ್ಲ.

ಮೊದಲು ಒಂದು ಮಾತು, ಮ್ಯಾಪ್ ಹಾಕ್ಕೊಂಡು ಬರಬೇಡಿ. ನಮ್ಮ ಮನೆ ರಸ್ತೆ ಅದ್ರಲ್ಲಿ ಇಲ್ಲವೇ ಇಲ್ಲ. ಪಿನ್ ಶಾಲ್ಮಲಾ ಹೊಳೆ ಕಡೆಗೆ ಎಳ್ಕೊಂಡು ಹೋಗ್ತದೆ, ಹೋದ ಸಲ ಬಂದಿದ್ದವ್ರು ಸಹಸ್ರಲಿಂಗದವರೆಗೂ ಹೋಗಿ, ಹೊಳೆ ತುಂಬಿ ಕಲ್ಲಿನ ಲಿಂಗನೂ ಕಾಣದ ಹಂಗೆ ನೀರು ಹರಿತಿರೋದು ನೋಡಿ, ಅಲ್ಲಿಂದ ವಾಪಸ್ ಹೋದ್ರು. ಪಾರ್ಸೆಲ್ಲೂ ಹಂಗೇ ವಾಪಸ್ ಹೋಯ್ತು. ಅವ್ರದ್ದು ತಪ್ಪಿಲ್ಲ, ನಾನು ಅಡ್ರೆಸ್ಸಲ್ಲಿ "ಭೈರುಂಬೆ ಹತ್ರ" ಅಂತ ಮಾತ್ರ ಬರ್ದಿದ್ದೆ. ಹಂಗಾಗಿ ಸಹಸ್ರಲಿಂಗದ ಬೋರ್ಡ್ ಎಲ್ಲಿ ಕಂಡ್ರೂ ಆ ಕಡೆ ಹೊರಳಬೇಡಿ.

ಯಲ್ಲಾಪುರ ನಾಕೆಯಿಂದ ಸೀದಾ ಯಲ್ಲಾಪುರ ರಸ್ತೆ ಹಿಡೀರಿ. ಭೈರುಂಬೆವರೆಗೆ ನಿಮಗೆ ಹೇಳೋದೇ ಬೇಡ. ಭೈರುಂಬೆ ದಾಟಿದ ಕೂಡ್ಲೆ ಗಾಡಿ ಮೀಟರ್ ನೋಡ್ಕೊಳ್ಳಿ, ಅಲ್ಲಿಂದ ಒಂದೂವರೆ ಕಿಲೋಮೀಟರಿಗೆ ಬಲಗಡೆ ಒಂದು ಬಸ್ ತಂಗುದಾಣ ಬರ್ತದೆ, ಹಳದಿ ಬಣ್ಣ, ಹೆಂಚಿನ ಮಾಡು, ಮೂಲೆಯಲ್ಲಿ ನಾಲ್ಕೈದು ಹೆಂಚು ಒಡೆದು ನೀಲಿ ತಾಡಪತ್ರಿ ಹಾಕಿದಾರೆ. ಅದ್ರ ಎದುರಿಗೆ, ಅಂದ್ರೆ ನಿಮ್ಮ ಎಡಕ್ಕೆ, ಹಾಲಿನ ಡೈರಿ. ಎರಡೂ ಎದುರುಬದುರು ಇದ್ರೆ ಮಾತ್ರ ಅದು ನಮ್ಮ ಸ್ಟಾಪು. ಬರೀ ತಂಗುದಾಣ ನೋಡಿ ಹೊರಳಬೇಡಿ, ಅದಕ್ಕೂ ಮೊದಲು ಅಂಥದ್ದೇ ಇನ್ನೊಂದು ಇದೆ.

ಡೈರಿ ಹತ್ರ ನಿಲ್ಲಿಸಿ ನಂಗೆ ಕಾಲ್ ಮಾಡಿ. ಸಿಗ್ನಲ್ ಸಿಗೋ ಕೊನೇ ಜಾಗ ಅದೇ. ಒಟಿಪಿ ನನ್ನ ನಂಬರಿಗೆ ಬರ್ತದೆ, ನಾನು ಹುಬ್ಬಳ್ಳಿಯಲ್ಲಿದೀನಿ, ಮನೆ ಮುಟ್ಟಿದ ಮೇಲೆ ಕೇಳ್ತೆ ಅಂದ್ರೆ ನಿಮಗೂ ಆಗೂದಿಲ್ಲ ನಂಗೂ ಆಗೂದಿಲ್ಲ, ಹಂಗಾಗಿ ಅಲ್ಲೇ ಹೇಳ್ಬಿಡ್ತೆ, ಬರ್ಕೊಂಡು ಹೋಗಿ. ದುಡ್ಡು ಆಗ್ಲೇ ಕಟ್ಟಿ ಆಗಿದೆ.

ಅಲ್ಲಿಂದ ತಂಗುದಾಣದ ಪಕ್ಕದ ರಸ್ತೆಗೆ ಬಲಕ್ಕೆ ಹೊರಳಿ. ಸ್ವಲ್ಪ ದೂರ ಡಾಂಬರು, ಆಮೇಲೆ ಕೆಂಪು ಮಣ್ಣಿನ ರಸ್ತೆ. ಡಾಂಬರು ಮುಗೀತು ಅಂತ ದಾರಿ ತಪ್ತು ಅಂದ್ಕೋಬೇಡಿ, ಮುಗೀಲೇಬೇಕು. ಎರಡು ಕಡೆ ಸೊಪ್ಪಿನ ಬೆಟ್ಟ, ಮನೆ ಒಂದೂ ಕಾಣೂದಿಲ್ಲ. ಮುಂದೆ ರಸ್ತೆ ಕವಲೊಡೆಯೋ ಕಡೆ ಒಂದು ದೊಡ್ಡ ರಂಜಲ ಮರ, ಬುಡದಲ್ಲಿ ಚೌಡಿ ಕಲ್ಲು, ಕುಂಕುಮ ಹಚ್ಚಿದ್ದು, ಎಷ್ಟು ಮಳೆ ಬಂದ್ರೂ ಮರದಡಿ ಇರೋದ್ರಿಂದ ಕೆಂಪಗೇ ಇರ್ತದೆ. ಚೌಡಿ ನಿಮ್ಮ ಎಡಗೈಗೆ ಬರೋ ಹಂಗೆ ಹೋಗಿ, ಅಂದ್ರೆ ಬಲಗಡೆ ಕವಲು. ಎಡಗಡೆ ರಸ್ತೆ ಅಗಲ ಇದೆ, ನೋಡೋಕೆ ಅದೇ ಮೇನ್ ಅನಿಸ್ತದೆ, ಆದ್ರೆ ಅದು ಬೇರೆ ಕೇರಿಗೆ ಹೋಗ್ತದೆ.

ಅಲ್ಲಿಂದ ಇನ್ನೂರು ಮೀಟರಿಗೆ ಟಿಸಿ ಸಿಗ್ತದೆ, ಎರಡು ಕಂಬದ ಮೇಲೆ ಇಟ್ಟಿದ್ದು. ಟಿಸಿ ಹತ್ರ ಎಡಕ್ಕೆ ಇಳಿಜಾರು. ಇಲ್ಲಿ ದಯವಿಟ್ಟು ನಿಧಾನ, ಧರೆ ಬದಿ ನೀರು ಹರಿದು ಜಾರ್ತದೆ, ನಡುವೆ ಕಲ್ಲು ಹಾಸಿದ ಕಡೆ ಗಾಲಿ ಇಟ್ಕೊಂಡು ಇಳೀರಿ. ಟಿಸಿ ಬಿಟ್ಟು ಸೀದಾ ಮುಂದೆ ಹೋಗಿದ್ರೆ ಶಾಲೆ ಬರ್ತದೆ, ಶಾಲೆ ಕಂಡ್ರೆ ದಾಟಿ ಬಂದಿದೀರಿ ಅಂತ ಅರ್ಥ, ವಾಪಸ್ ತಿರುಗಿ.

ದಾರಿಯಲ್ಲಿ ಯಾರನ್ನಾದ್ರೂ ಕೇಳೋದಾದ್ರೆ ಹೆಗಡೆರ ಮನೆ ಎಲ್ಲಿ ಅಂತ ಮಾತ್ರ ಕೇಳಬೇಡಿ, ಇಡೀ ಊರೇ ಹೆಗಡೆರು. "ಮೂಲೆಮನೆ" ಅಂತ ಕೇಳಿ, ಸಣ್ಣ ಮಕ್ಕಳೂ ತೋರಿಸ್ತಾರೆ. ಮುಂಚೆ ಎಲ್ಲರಿಗೂ ಹುಲ್ಲಿನ ಬಣವೆ ಗುರುತು ಹೇಳ್ತಿದ್ದೆ, ಈಗ ಅದು ಇಲ್ಲ, ಹುಲ್ಲೆಲ್ಲ ಕೊಟ್ಟಿಗೆ ಅಟ್ಟಕ್ಕೆ ಹೋಗಿದೆ. ಅದಕ್ಕೇ ಮಳೆಗಾಲದಲ್ಲೂ ಜಾಗ ಬಿಡದೆ ಇರೋವನ್ನ ಮಾತ್ರ ಹುಡುಕಿ ಹುಡುಕಿ ಬರ್ದಿದೀನಿ.

ಇಳಿಜಾರು ಮುಗಿದಲ್ಲಿ ಹಲಸಿನ ಮರ, ಅದ್ರಡಿ ಬೈಕ್ ನಿಲ್ಲಿಸಿ. ಮುಂದೆ ಹಳ್ಳ, ಅದನ್ನ ದಾಟೋಕೆ ಸಂಕ. ಹಳೇ ಸಿಮೆಂಟಿನ ಕರೆಂಟ್ ಕಂಬ ಎರಡು ಜೋಡಿಸಿ ಹಾಕಿದ್ದು, ಹಿಡ್ಕೊಳ್ಳೋಕೆ ಒಂದು ಕಡೆ ಬಿದಿರು ಕಟ್ಟಿದೆ, ಗಟ್ಟಿ ಇದೆ, ಆದ್ರೆ ಪಾಚಿ ಇರೋದ್ರಿಂದ ಬಿದಿರು ಹಿಡ್ಕೊಂಡೇ ದಾಟಿ. ಸಂಕ ದಾಟಿ ತೋಟದ ಅಂಚಿನ ಕಾಲುದಾರಿಯಲ್ಲಿ ಎರಡು ನಿಮಿಷ ನಡೆದ್ರೆ ದಣಪೆ. ಮೂರು ಬಿದಿರು ಅಡ್ಡ ಹಾಕಿರ್ತದೆ, ಮೇಲಿನ ಎರಡು ಸರಿಸಿ ದಾಟಿ, ಆಮೇಲೆ ಹಂಗೇ ವಾಪಸ್ ಹಾಕಿ, ಇಲ್ಲದಿದ್ರೆ ದನ ತೋಟಕ್ಕೆ ನುಗ್ತವೆ.

ಇನ್ನು ಮುಖ್ಯ ವಿಷಯ. ದಣಪೆ ಹತ್ರ ನಿಂತು ಎಷ್ಟು ಕೂಗಿದ್ರೂ ಯಾರೂ ಬರೂದಿಲ್ಲ. ಮನೇಲಿ ಅಪ್ಪ ಒಬ್ರೇ ಇರ್ತಾರೆ, ಅಮ್ಮ ತೋಟದಲ್ಲಿ, ಇವತ್ತು ಮಳೆ ಸ್ವಲ್ಪ ಹೊಳವಾಗಿದೆ ಅಂತ ಕೊಳೆ ಔಷಧಿ ಹೊಡೆಸ್ತಿದಾರೆ. ಅಪ್ಪಂಗೆ ಕಿವಿ ಕೇಳೂದಿಲ್ಲ. ನಿಮ್ಮ ಚೀಲದಲ್ಲಿರೋದು ಅವ್ರ ಕಿವಿ ಮಷೀನು, ರಿಪೇರಿಗೆ ಹೋಗಿದ್ದು. ಇಪ್ಪತ್ತು ದಿನ ಆಯ್ತು ನಾನು ಅಪ್ಪನ ಹತ್ರ ಮಾತಾಡಿ. ಲ್ಯಾಂಡ್‌ಲೈನ್ ಸರಿ ಇದ್ದ ದಿನ ಫೋನ್ ಮಾಡಿದ್ರೆ ಅಮ್ಮ ಅವ್ರ ಕೈಗೆ ರಿಸೀವರ್ ಕೊಡ್ತಾಳೆ, ಅವ್ರು "ತಂಗೀ, ಊಟ ಆಯ್ತಾ" ಅಂತ ಕೇಳ್ತಾರೆ, ನಾನು ಹೇಳಿದ್ದು ಕೇಳೂದಿಲ್ಲ, ಸ್ವಲ್ಪ ಹೊತ್ತು ಸುಮ್ನಿದ್ದು ಇಟ್ಬಿಡ್ತಾರೆ.

ಹಂಗಾಗಿ ಸೀದಾ ಅಂಗಳಕ್ಕೆ ಬನ್ನಿ. ಕಪ್ಪು ನಾಯಿ ಇದೆ, ಕಟ್ಟಿ ಹಾಕಿರ್ತಾರೆ, ಬೊಗಳ್ತದೆ, ಹೆದರಬೇಡಿ. ಅಪ್ಪ ಜಗುಲಿಯಲ್ಲಿ ಕೂತು ಅದ್ರ ಕಡೇನೇ ನೋಡ್ತಿರ್ತಾರೆ, ಅದು ಎದ್ದು ನಿಂತ್ರೆ ಯಾರೋ ಬಂದ್ರು ಅಂತ ಅವ್ರಿಗೆ ಗೊತ್ತಾಗ್ತದೆ. ಹಿಂದಿನಿಂದ ಹೋಗಿ ಮುಟ್ಟಬೇಡಿ, ಬೆಚ್ಚಿ ಬೀಳ್ತಾರೆ. ಎದುರಿಗೆ ನಿಂತು ಬಾಕ್ಸ್ ತೋರಿಸಿ ಕಿವಿ ಮುಟ್ಟಿ ತೋರಿಸಿದ್ರೆ ಸಾಕು, ಅವ್ರು ಅದಕ್ಕೇ ಕಾಯ್ತಿದಾರೆ. ಸಹಿ ಬೇಕಿದ್ರೆ ಎಲ್ಲಿ ಅಂತ ಬೆರಳಿಟ್ಟು ತೋರಿಸಿ, ಮಾಡ್ತಾರೆ. ಮಜ್ಜಿಗೆ ಕೊಡ್ತಾರೆ, ಕುಡ್ಕೊಂಡೇ ಹೋಗಿ.

ಬಾಕ್ಸ್ ಸಣ್ಣದು, ಅಂಗೈಯಷ್ಟು. ಒಳಗಿಂದು ಒದ್ದೆ ಆದ್ರೆ ಮತ್ತೆ ರಿಪೇರಿಗೇ ಕಳಿಸ್ಬೇಕು, ಅದಕ್ಕೆ ಮಳೆ ಇಲ್ಲದಿದ್ರೂ ಒಂದು ಪ್ಲಾಸ್ಟಿಕ್ ಕೊಟ್ಟೆಯೊಳಗೆ ಸುತ್ತಿ ಇಟ್ಕೊಳ್ಳಿ ಅಣ್ಣಾ. ಮಳೆ ಜೋರಾಗಿ ಹಳ್ಳದ ನೀರು ಸಂಕದ ಕಂಬ ಮುಟ್ತಿದ್ರೆ ಮಾತ್ರ ದಾಟಬೇಡಿ, ನಿಮ್ಮ ಜೀವಕ್ಕಿಂತ ಪಾರ್ಸೆಲ್ ದೊಡ್ಡದಲ್ಲ. ವಾಪಸ್ ಡೈರಿಗೆ ಬಂದು ಕಾಲ್ ಮಾಡಿ. ಸಂಜೆ ಐದಕ್ಕೆ ಡೈರಿ ತೆಗೀತಾರೆ, ಅಲ್ಲಿ ಕೊಟ್ಟು ಹೋದ್ರೆ ಅಮ್ಮ ಹಾಲು ತಂದಾಗ ತಗೊಳ್ತಾಳೆ, ನಾನು ಡೈರಿಯವ್ರಿಗೆ ಈಗ್ಲೇ ಹೇಳಿಟ್ಟಿರ್ತೆ.

ಕೊಟ್ಟು ಆದ ಮೇಲೆ ಡೈರಿ ಹತ್ರ ಬಂದಾಗ "ಕೊಟ್ಟೆ" ಅಂತ ಒಂದು ಮೆಸೇಜ್ ಹಾಕಿ. ಅದಾಗಿ ಹತ್ತು ನಿಮಿಷ ಬಿಟ್ಟು ನಾನು ಮನೆಗೆ ಫೋನ್ ಮಾಡ್ತೆ.