ಗಡ್ಡೆ, ಮಾರ್ಕರ್, ಜೀನ್: ಇಂಟರ್ನಲ್ ಪರೀಕ್ಷೆಗೆ ಮುನ್ನ ಬಿಡಿಸಬೇಕಾದ ಪ್ರಶ್ನೆಗಳು

ಶಿವಮೊಗ್ಗದಲ್ಲಿ ಎರಡನೇ ವರ್ಷದ ಎಂಬಿಬಿಎಸ್ ಓದುತ್ತಿರುವ, ಕನ್ನಡ ಮಾಧ್ಯಮದಿಂದ ಬಂದ ಹುಡುಗ ಹುಡುಗಿಯರಿಗಾಗಿ. ಊರುಗಳು ನಮ್ಮವೇ, ರೋಗಿಗಳು ಮಾತ್ರ ಕಲ್ಪಿತ. ಉತ್ತರವನ್ನು ಕೈಯಿಂದ ಮುಚ್ಚಿಕೊಂಡು ಓದಿ.

ಪ್ರಶ್ನೆ 1. ತೀರ್ಥಹಳ್ಳಿಯ 23 ವರ್ಷದ ಹುಡುಗಿಗೆ ಸ್ತನದಲ್ಲಿ ಗಂಟು. ಎರಡು ವರ್ಷದಿಂದ ಹೆಚ್ಚುಕಡಿಮೆ ಅಷ್ಟೇ ಇದೆ. ನೋವಿಲ್ಲ, ಬೆರಳಿಟ್ಟರೆ ಜಾರುತ್ತದೆ. ಸಾಗರದ 58 ವರ್ಷದ ಹೆಂಗಸಿಗೂ ಗಂಟು. ಆದರೆ ಅದು ನಾಲ್ಕೇ ತಿಂಗಳಲ್ಲಿ ಬೆಳೆದದ್ದು. ಕಲ್ಲಿನಂತೆ ಗಟ್ಟಿ, ಮೇಲಿನ ಚರ್ಮ ಒಳಕ್ಕೆ ಸೇದಿಕೊಂಡಿದೆ, ಕಂಕುಳಲ್ಲೂ ಒಂದು ಗಂಟಿದೆ. ಎರಡರ ಸ್ವಭಾವವೇನು? ಕಾರಣ ಕೊಡಿ.

ಉತ್ತರ: ಮೊದಲನೆಯದು ಬಿನೈನ್, ಬಹುಶಃ ಫೈಬ್ರೋಅಡಿನೋಮ. ಅದು ಪಕ್ಕದ ಅಂಗಾಂಶವನ್ನು ತಳ್ಳುತ್ತದೆಯೇ ಹೊರತು ಒಳಗೆ ನುಗ್ಗುವುದಿಲ್ಲ. ಅಂಚು ಸ್ಪಷ್ಟವಾಗಿರುವುದರಿಂದಲೇ ಜಾರುತ್ತದೆ. ಎರಡನೆಯದು ಮೆಲಿಗ್ನಂಟ್ ಎಂದೇ ಶಂಕಿಸಬೇಕು. ಮಾವಿನ ಕೊಂಬೆಗೆ ಹತ್ತಿದ ಬಂದಳಿಕೆ ನೋಡಿದ್ದೀರಲ್ವಾ? ಅದರ ಬೇರು ಮರದೊಳಕ್ಕೇ ಇಳಿದಿರುತ್ತದೆ, ಕಿತ್ತರೆ ಕೊಂಬೆಯೂ ಜೊತೆಗೆ ಬರುತ್ತದೆ. ಈ ಗಂಟೂ ಹಾಗೇ ಸುತ್ತಲಿಗೆ ಹೆಣೆದುಕೊಂಡಿದೆ. ಚರ್ಮ ಸೇದಿಕೊಂಡಿರುವುದು ಅದಕ್ಕೇ. ಕಂಕುಳಿನ ಗಂಟು ಎಂದರೆ ಲಿಂಫ್ ನೋಡ್‌ಗೆ ಹರಡಿರಬಹುದು.

ಸ್ಲೈಡಿನಲ್ಲಿ ಏನು ಕಾಣುತ್ತದೆ ಎಂದು ಬರೆಯದೆ ಪೂರ್ತಿ ಅಂಕ ಸಿಗುವುದಿಲ್ಲ. ಒಂದೊಂದು ಕೋಶ ಒಂದೊಂದು ಗಾತ್ರ, ಆಕಾರ. ನ್ಯೂಕ್ಲಿಯಸ್ ದೊಡ್ಡದು, ಬಣ್ಣ ಕಡುನೀಲಿ, ಕೆಲವು ಕಡೆ ಕೋಶದ ಬಹುಪಾಲು ಅದೇ. ನ್ಯೂಕ್ಲಿಯೋಲಸ್ ಎದ್ದು ಕಾಣುತ್ತದೆ. ಎರಡು ತುದಿಗೆ ಎಳೆಯಬೇಕಾದ ಕ್ರೋಮೋಸೋಮುಗಳನ್ನು ಮೂರು ಕಡೆಗೆ ಎಳೆಯುತ್ತಿರುವ ಮೈಟೋಸಿಸ್ ಒಂದು ಸಿಕ್ಕಿದರಂತೂ ಚಿತ್ರ ಬರೆದೇ ಬಿಡಿ.

ಪ್ರಶ್ನೆ 2. ಮೆಲಿಗ್ನಂಟ್ ಎನ್ನಲು ಅತ್ಯಂತ ಖಚಿತ ಗುರುತು ಯಾವುದು?
ಅ) ಬೇಗ ಬೆಳೆಯುವುದು ಆ) ಮೈಟೋಸಿಸ್ ಜಾಸ್ತಿ ಇರುವುದು ಇ) ಮೆಟಾಸ್ಟಾಸಿಸ್ ಈ) ಕ್ಯಾಪ್ಸೂಲ್ ಇಲ್ಲದಿರುವುದು

ಉತ್ತರ: ಇ. ಮೈಟೋಸಿಸ್ ಮೂಳೆಮಜ್ಜೆಯಲ್ಲಿ, ಕರುಳಿನ ಒಳಪದರದಲ್ಲಿ ದಿನಾ ನಡೆಯುತ್ತದೆ. ಸಂಖ್ಯೆಗಿಂತ ವಿಕಾರ ಮುಖ್ಯ. ಹಿಮಾಂಜಿಯೋಮಕ್ಕೆ ಕ್ಯಾಪ್ಸೂಲ್ ಇರುವುದಿಲ್ಲ, ಆದರೂ ಅದು ಬಿನೈನ್. ಇಲ್ಲೊಂದು ಕೊಕ್ಕೆ ಇದೆ. ಮೆಟಾಸ್ಟಾಸಿಸ್ ಇದ್ದರೆ ಮೆಲಿಗ್ನಂಟ್ ಹೌದು, ಇಲ್ಲದಿದ್ದರೆ ಬಿನೈನ್ ಎಂದಲ್ಲ. ಚರ್ಮದ ಬೇಸಲ್ ಸೆಲ್ ಕಾರ್ಸಿನೋಮ ಮೂಗನ್ನೇ ತಿಂದುಹಾಕಬಹುದು, ಆದರೆ ದೂರಕ್ಕೆ ಹರಡುವುದು ತೀರಾ ಅಪರೂಪ.

ಪ್ರಶ್ನೆ 3. ‘ಓಮ’ ಎಂದು ಮುಗಿದರೂ ಮೆಲಿಗ್ನಂಟ್ ಆದವು ನಾಲ್ಕು ಬರೆಯಿರಿ.

ಉತ್ತರ: ಮೆಲನೋಮ, ಲಿಂಫೋಮ, ಸೆಮಿನೋಮ, ಮೀಸೋಥೀಲಿಯೋಮ. ಸುಮ್ನೆ ಬಾಯಿಪಾಠ ಮಾಡಿ.

ಪ್ರಶ್ನೆ 4. ಹೊಸನಗರದ 55 ವರ್ಷದ ಕೃಷಿಕರು. ಮೂವತ್ತು ವರ್ಷದಿಂದ ಬಾಯಲ್ಲಿ ಎಲೆ ಅಡಿಕೆ. ಹೊಗೆಸೊಪ್ಪು ಹಾಕುವುದಿಲ್ಲ ಎನ್ನುತ್ತಾರೆ. ಬಾಯಿ ಎರಡು ಬೆರಳಿನಷ್ಟೂ ತೆರೆಯುವುದಿಲ್ಲ. ಕೆನ್ನೆಯ ಒಳಗೆ ಅಂಚು ಮಡಚಿದ, ಗಟ್ಟಿ ಹುಣ್ಣು. ದವಡೆಯ ಕೆಳಗೆ ಗಂಟು. ಮುಂದೇನು ಮಾಡಬೇಕು?
ಅ) ಸಿಇಎ ಪರೀಕ್ಷೆ ಆ) ಎಎಫ್‌ಪಿ ಪರೀಕ್ಷೆ ಇ) ಹುಣ್ಣಿನ ಅಂಚಿನಿಂದ ಬಯಾಪ್ಸಿ ಈ) ಬಿ ಕಾಂಪ್ಲೆಕ್ಸ್ ಕೊಟ್ಟು ಕಾಯುವುದು

ಉತ್ತರ: ಇ. ಬಾಯಿ ಕ್ಯಾನ್ಸರ್ ಇದೆಯೇ ಇಲ್ಲವೇ ಎಂದು ತೀರ್ಮಾನಿಸಿ ಕೊಡುವ ರಕ್ತದ ಮಾರ್ಕರ್ ಇಲ್ಲ. ಹುಣ್ಣಿನ ನಡುಭಾಗದಲ್ಲಿ ಕೊಳೆತ ಅಂಗಾಂಶ ಸಿಗುತ್ತದೆ, ಅದಕ್ಕೇ ಅಂಚಿನಿಂದ ತೆಗೆಯುತ್ತಾರೆ. ಸ್ಕ್ವಾಮಸ್ ಸೆಲ್ ಕಾರ್ಸಿನೋಮ ಆಗಿದ್ದು, ಕೋಶಗಳು ಮೂಲ ರೂಪ ಅಷ್ಟಿಷ್ಟು ಉಳಿಸಿಕೊಂಡಿದ್ದರೆ, ಸ್ಲೈಡಿನಲ್ಲಿ ಕೆರಾಟಿನ್ ಮುತ್ತುಗಳು ಸಿಗುತ್ತವೆ. ಬಾಯಿ ತೆರೆಯದಿರುವುದು ಸಬ್‌ಮ್ಯೂಕಸ್ ಫೈಬ್ರೋಸಿಸ್‌ನಿಂದ. ‘ಹೊಗೆಸೊಪ್ಪು ಇಲ್ಲವಲ್ಲ’ ಎಂದು ದಾರಿ ತಪ್ಪಬೇಡಿ. ಅಡಿಕೆಯೇ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಮೊದಲ ಗುಂಪಿಗೆ ಸೇರಿಸಿದೆ. ನಿಮ್ಮಲ್ಲಿ ಅರ್ಧ ಜನರ ಫೀಸು ಅಡಿಕೆ ತೋಟದಿಂದಲೇ ಬಂದಿರುತ್ತದೆ, ಗೊತ್ತು. ಉತ್ತರ ಪತ್ರಿಕೆಯಲ್ಲಿ ಅದಕ್ಕೆ ರಿಯಾಯಿತಿ ಇಲ್ಲ.

ಪ್ರಶ್ನೆ 5. ಭದ್ರಾವತಿಯ 68 ವರ್ಷದ ಅಜ್ಜ ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಾರೆ. ಪಿಎಸ್‌ಎ 6 ನ್ಯಾನೋಗ್ರಾಂ. ಮಗ ಕೇಳುತ್ತಾನೆ, ‘ಕ್ಯಾನ್ಸರ್ ಅಂತಾನೇ ಅರ್ಥಾನಾ ಡಾಕ್ಟ್ರೇ?’

ಉತ್ತರ: ಅಲ್ಲ. ಪಿಎಸ್‌ಎ ಪ್ರಾಸ್ಟೇಟ್ ಗ್ರಂಥಿಯ ಗುರುತು, ಕ್ಯಾನ್ಸರಿನ ಗುರುತಲ್ಲ. ವಯಸ್ಸಿಗೆ ಗ್ರಂಥಿ ದೊಡ್ಡದಾದರೂ, ಸೋಂಕಾದರೂ ಏರುತ್ತದೆ. ಮಾರ್ಕರ್‌ಗಳ ಪ್ರಶ್ನೆಗಳೆಲ್ಲ ಸುತ್ತುವುದು ಇದೇ ಮಾತಿನ ಸುತ್ತ. ಸಿಇಎ ಬೀಡಿ ಸೇದುವವರಲ್ಲೂ ಏರಬಹುದು. ಸಿಎ 125 ಮುಟ್ಟಿನ ಸಮಯದಲ್ಲಿ, ಎಂಡೋಮೆಟ್ರಿಯೋಸಿಸ್‌ನಲ್ಲಿ, ಹೊಟ್ಟೆಯ ಟಿಬಿಯಲ್ಲಿ ಏರಬಹುದು. ಎಎಫ್‌ಪಿ ಬಸುರಿಯರಲ್ಲಿ ಏರುವುದು ಸಹಜ. ಹಾಗಾದರೆ ಇವು ಯಾಕೆ ಬೇಕು? ಕ್ಯಾನ್ಸರ್ ಎಂದು ಖಚಿತವಾದ ಮೇಲೆ ಚಿಕಿತ್ಸೆ ನಾಟಿತೇ, ಮತ್ತೆ ಬಂತೇ ಎಂದು ನೋಡಲು. ಕರುಳಿನ ಕ್ಯಾನ್ಸರಿನಲ್ಲಿ ಆಪರೇಷನ್ ಆಗಿ ಇಳಿದಿದ್ದ ಸಿಇಎ ಮತ್ತೆ ಏರತೊಡಗಿದರೆ ಹುಡುಕಾಟ ಶುರುಮಾಡಬೇಕು.

ಪ್ರಶ್ನೆ 6. 24 ವರ್ಷದ ಯುವಕನ ವೃಷಣದ ಗಡ್ಡೆ ತೆಗೆದಿದ್ದಾರೆ. ರಿಪೋರ್ಟಿನಲ್ಲಿ ‘ಶುದ್ಧ ಸೆಮಿನೋಮ’ ಎಂದಿದೆ. ಎಎಫ್‌ಪಿ ಮಾತ್ರ ತುಂಬಾ ಜಾಸ್ತಿ, ಲಿವರ್ ಸರಿಯಾಗಿದೆ. ಏನನ್ನಬೇಕು?

ಉತ್ತರ: ಇದು ನನಗೆ ಇಷ್ಟದ ಪ್ರಶ್ನೆ, ಯಾಕೆಂದರೆ ಇಲ್ಲಿ ಮಾರ್ಕರ್ ಸ್ಲೈಡನ್ನೇ ಪ್ರಶ್ನಿಸುತ್ತದೆ. ಶುದ್ಧ ಸೆಮಿನೋಮ ಎಎಫ್‌ಪಿ ತಯಾರಿಸುವುದಿಲ್ಲ. ಎಲ್ಲೋ ಯೋಕ್ ಸ್ಯಾಕ್‌ನಂಥ ಬೇರೆ ಅಂಶ ಇದೆ, ತುಂಡಿನಲ್ಲಿ ಸಿಕ್ಕಿಲ್ಲ. ಇನ್ನಷ್ಟು ತುಂಡು ಮಾಡಿ ನೋಡಬೇಕು. ಚಿಕಿತ್ಸೆಯೂ ಸೆಮಿನೋಮ ಅಲ್ಲದ ಗಡ್ಡೆಯ ಹಾದಿಯಲ್ಲೇ. ಎಚ್‌ಸಿಜಿ ಸ್ವಲ್ಪ ಏರಿದ್ದರೆ ಸೆಮಿನೋಮದಲ್ಲೂ ಒಪ್ಪಬಹುದು.

ಪ್ರಶ್ನೆ 7. ಯಾವುದಕ್ಕೆ ಯಾವುದು?

ಉತ್ತರ: ಲಿವರ್ ಕ್ಯಾನ್ಸರಿಗೆ ಎಎಫ್‌ಪಿ, ಕೋರಿಯೋಕಾರ್ಸಿನೋಮಕ್ಕೆ ಎಚ್‌ಸಿಜಿ, ಥೈರಾಯ್ಡಿನ ಮೆಡುಲ್ಲರಿ ಕಾರ್ಸಿನೋಮಕ್ಕೆ ಕ್ಯಾಲ್ಸಿಟೋನಿನ್, ಪ್ಯಾಂಕ್ರಿಯಾಸಿಗೆ ಸಿಎ 19-9.

ಪ್ರಶ್ನೆ 8. ಆಂಕೋಜೀನ್ ಮತ್ತು ಟ್ಯೂಮರ್ ಸಪ್ರೆಸರ್ ಜೀನ್: ವ್ಯತ್ಯಾಸ ತಿಳಿಸಿ, ಉದಾಹರಣೆ ಕೊಡಿ.

ಉತ್ತರ: ಆಂಕೋಜೀನ್ ಹೊರಗಿನಿಂದ ಬಂದದ್ದಲ್ಲ. ಕೋಶ ಬೆಳೆಯಲು ಬೇಕಾದ ನಮ್ಮದೇ ಜೀನ್, ಕೆಟ್ಟು ಆಂಕೋಜೀನ್ ಆಗುತ್ತದೆ. ಕೋಳಿಯ ವೈರಸ್ಸಿನಲ್ಲಿದ್ದ ಎಸ್‌ಆರ್‌ಸಿ ಜೀನಿನ ಮೂಲ ಕೋಳಿಯ ಕೋಶದಲ್ಲೇ ಇದೆ ಎಂದು ತೋರಿಸಿದ್ದಕ್ಕೆ ಬಿಷಪ್ ಮತ್ತು ವಾರ್ಮಸ್ ಅವರಿಗೆ 1989ರಲ್ಲಿ ನೊಬೆಲ್ ಬಂತು. ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಸಾಕು.

ಕೆಡುವ ಬಗೆಗಳು ಬೇರೆ ಬೇರೆ. ರಾಸ್‌ನಲ್ಲಿ ಒಂದೇ ಅಕ್ಷರ ಬದಲಾಗುತ್ತದೆ. ಆಮೇಲೆ ಜಿಟಿಪಿಯನ್ನು ಒಡೆಯಲಾಗದೆ ‘ಬೆಳೆ’ ಎಂಬ ಸಂದೇಶ ನಿಲ್ಲುವುದೇ ಇಲ್ಲ. ಸ್ತನದ ಕ್ಯಾನ್ಸರಿನಲ್ಲಿ ಹರ್2 ಜೀನಿನ ಪ್ರತಿಗಳೇ ಹೆಚ್ಚುತ್ತವೆ, ಅದಕ್ಕೆ ಟ್ರಾಸ್ಟುಜುಮಾಬ್ ಔಷಧಿ ಇದೆ. ಬರ್ಕಿಟ್ ಲಿಂಫೋಮದಲ್ಲಿ t(8;14) ಆಗಿ ಮಿಕ್ ಜೀನ್ ತಪ್ಪು ಜಾಗಕ್ಕೆ ಹೋಗುತ್ತದೆ. ಸಿಎಂಎಲ್‌ನಲ್ಲಿ t(9;22), ಅಂದರೆ ಫಿಲಡೆಲ್ಫಿಯಾ ಕ್ರೋಮೋಸೋಮ್. ಅದರಿಂದ ಹುಟ್ಟಿದ ಪ್ರೋಟೀನನ್ನೇ ಗುರಿಯಾಗಿಸುವ ಇಮಾಟಿನಿಬ್ ಗುಳಿಗೆ 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು.

ಸಪ್ರೆಸರ್ ಜೀನ್ ಬೆಳವಣಿಗೆಯನ್ನು ತಡೆಯುವಂಥದ್ದು. ಸಾಮಾನ್ಯವಾಗಿ ಎರಡೂ ಪ್ರತಿ ಹೋಗಬೇಕು. ನಡ್ಸನ್ 1971ರಲ್ಲಿ ಮಕ್ಕಳ ರೆಟಿನೋಬ್ಲಾಸ್ಟೋಮ ಇಟ್ಟುಕೊಂಡು ಹೇಳಿದ್ದು ಇದನ್ನೇ. ಹುಟ್ಟುವಾಗಲೇ ಒಂದು ಆರ್‌ಬಿ ಪ್ರತಿ ಕೆಟ್ಟಿದ್ದ ಮಗುವಿಗೆ ಬೇಗ, ಹಲವು ಸಲ ಎರಡೂ ಕಣ್ಣಿಗೆ ಬರುತ್ತದೆ. ಪಿ53, ಎಪಿಸಿ, ಬ್ರಾಕಾ 1 ಕೂಡ ಇದೇ ಗುಂಪು. ಬ್ರಾಕಾವನ್ನು ಆಂಕೋಜೀನ್ ಪಟ್ಟಿಗೆ ಸೇರಿಸುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ.

ಪ್ರಶ್ನೆ 9. ಎಚ್‌ಪಿವಿ ಗರ್ಭಕಂಠದ ಕೋಶವನ್ನು ಹೇಗೆ ಕೆಡಿಸುತ್ತದೆ? (2 ಅಂಕ)

ಉತ್ತರ: ಇ6 ಪ್ರೋಟೀನ್ ಪಿ53 ಅನ್ನು ನಾಶ ಮಾಡಿಸುತ್ತದೆ, ಇ7 ಆರ್‌ಬಿಯನ್ನು ಹಿಡಿದು ನಿಷ್ಕ್ರಿಯ ಮಾಡುತ್ತದೆ. ತಳಿಗಳು 16 ಮತ್ತು 18 ಎಂದು ಬರೆಯಿರಿ. 6 ಮತ್ತು 11 ಬರೆದರೆ ಅವು ನರುಲಿಯವು, ಒಂದು ಅಂಕ ಹೋಯಿತು.