ಹೊಲಿಗೆ ಕೂಲಿ ಹೇಳುವಾಗ ದನಿ ತಗ್ಗಿಸಬೇಡಿ

ವೇದಿಕೆ ಮೇಲಿರುವ ಹಿರಿಯರಿಗೆ, ಹೆಣ್ಣುಮಕ್ಕಳನ್ನು ಆರು ತಿಂಗಳು ಹೊಲಿಗೆ ತರಗತಿಗೆ ತಪ್ಪದೆ ಕಳಿಸಿಕೊಟ್ಟ ಅಪ್ಪ ಅಮ್ಮಂದಿರಿಗೆ, ಅತ್ತೆಯಂದಿರಿಗೆ ನಮಸ್ಕಾರ. ಮಕ್ಕಳೇ, ಇವತ್ತು ನೀವೆಲ್ಲ ತೊಟ್ಟಿರುವುದು ನೀವೇ ಹೊಲಿದ ರವಿಕೆ. ಬಾಗಿಲಲ್ಲೇ ನಿಂತು ಒಬ್ಬೊಬ್ಬರ ತೋಳಿನ ಸುತ್ತು ನೋಡಿದೆ. ಎಲ್ಲೂ ಸುಕ್ಕಿಲ್ಲ. ನನಗೆ ತುಂಬ ಸಂತೋಷವಾಗಿದೆ.

ನಾನು ತೀರ್ಥಹಳ್ಳಿಯಲ್ಲಿ ಹೊಲಿಗೆ ಶುರು ಮಾಡಿದ ವರ್ಷದ್ದೊಂದು ಸಂಗತಿ ಹೇಳಬೇಕು. ಗೌರಿ ಹಬ್ಬಕ್ಕೆ ನಾಲ್ಕು ದಿನ ಇತ್ತು. ಹೊರಗೆ ಬಿಡದೆ ಮಳೆ. ಒಬ್ಬರು ರೇಷ್ಮೆ ಸೀರೆಯ ರವಿಕೆ ಕಣ ತಂದುಕೊಟ್ಟರು. ಹತ್ತಿಯ ಅಸ್ತರನ್ನು ನೆನೆಸಿ ಒಣಗಿಸಿಯೇ ಕತ್ತರಿಸಬೇಕು ಅಂತ ಗೊತ್ತಿತ್ತು. ಆದರೆ ಒಣಗಿಸುವುದೆಲ್ಲಿ? ಬಚ್ಚಲೊಲೆ ಮೇಲಿನ ಹಗ್ಗದ ತುಂಬ ಮನೆಯವರ ಬಟ್ಟೆ. ಹಾಗೇ ಕತ್ತರಿಸಿ ಹೊಲಿದುಕೊಟ್ಟೆ. ಹಬ್ಬದ ದಿನ ಚೆನ್ನಾಗಿಯೇ ಕಂಡಿತು. ಮೊದಲ ಒಗೆತಕ್ಕೆ ಒಳಗಿನ ಅಸ್ತರು ಕುಗ್ಗಿ, ರೇಷ್ಮೆ ಮೇಲೆ ಉಬ್ಬುಬ್ಬಾಗಿ ನಿಂತಿತು. ಆ ತಾಯಿ ಬೈಯಲಿಲ್ಲ. ಮುಂದಿನ ವರ್ಷ ಬರಲೂ ಇಲ್ಲ.

ಅವತ್ತಿನಿಂದ ಮಳೆಗಾಲಕ್ಕೆ ಮೊದಲೇ, ಬಿಸಿಲಿರುವಾಗಲೇ, ಬಿಳಿ, ಕೆನೆ, ಕೆಂಪು, ಕಪ್ಪು ಅಸ್ತರನ್ನು ಮೀಟರ್‌ಗಟ್ಟಲೆ ನೆನೆಸಿ, ಒಣಗಿಸಿ, ಇಸ್ತ್ರಿ ಹಾಕಿ ಇಟ್ಟುಕೊಳ್ಳುತ್ತೇನೆ. ಬಯಲುಸೀಮೆಯ ದರ್ಜಿಗೆ ಬೇಡದ ಈ ಕೆಲಸ ನಮಗೆ ಬೇಕು. ಹಾಗೆಯೇ ಮಷೀನು. ನಮ್ಮ ತೇವಕ್ಕೆ ಸೂಜಿ ತುಕ್ಕು ಹಿಡಿಯಲು ಒಂದು ವಾರ ಸಾಕು. ರಾತ್ರಿ ಹತ್ತಿ ಬಟ್ಟೆ ಹೊದಿಸಿ. ಪ್ಲಾಸ್ಟಿಕ್ ಹೊದಿಸಿದರೆ ಒಳಗೇ ಬೆವರುತ್ತದೆ. ಎಣ್ಣೆ ಬಿಟ್ಟ ಮೇಲೆ ಮೊದಲು ಹಳೇ ಬಟ್ಟೆಯ ಮೇಲೆ ಹೊಲಿಗೆ ಓಡಿಸಿ, ಆಮೇಲೆ ಗಿರಾಕಿಯ ಬಟ್ಟೆ.

ಬಟ್ಟೆ ಯಾವುದು ಅಂತ ಅಂಗಡಿಯವರ ಮಾತು ನಂಬಿ ಕತ್ತರಿ ಹಾಕಬೇಡಿ. ಅಂಚಿನಿಂದ ಹಾಸಿನ ಎಳೆ ಒಂದು, ಹೊಕ್ಕಿನ ಎಳೆ ಒಂದು ಬಿಡಿಸಿ ಸುಟ್ಟು ನೋಡಿದ್ದು ನೆನಪಿದೆಯಲ್ಲ? ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಬೂದಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟ ಹಾಗೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಇಸ್ತ್ರಿ ಎಷ್ಟು ಬಿಸಿ, ಸೂಜಿ ಯಾವ ನಂಬರು, ನೆನೆಸಬೇಕೋ ಬೇಡವೋ, ಎಲ್ಲ ಆ ಒಂದು ಎಳೆಯಿಂದ ತಿಳಿಯುತ್ತದೆ.

ಇಷ್ಟೆಲ್ಲ ಗೊತ್ತಿರುವ ನೀವು ಕೂಲಿ ಹೇಳುವಾಗ ಯಾಕೆ ದನಿ ತಗ್ಗಿಸುತ್ತೀರಿ? ಕಳೆದ ತಿಂಗಳು ಮೇಗರವಳ್ಳಿಯಿಂದ ಬರುವ ಹುಡುಗಿ ಚಿಕ್ಕಮ್ಮನಿಗೆ ಅಸ್ತರಿನ ರವಿಕೆ ಹೊಲಿದುಕೊಟ್ಟು, "ಎಷ್ಟಾಯ್ತೇ?" ಅಂದಾಗ "ನೀವು ಕೊಟ್ಟಷ್ಟು" ಅಂದಳಂತೆ. ಚಿಕ್ಕಮ್ಮ ನೂರು ರೂಪಾಯಿ ಕೊಟ್ಟರು. ನಾವು ತರಗತಿಯಲ್ಲಿ ಕೂತು ಲೆಕ್ಕ ಹಾಕಿದೆವು. ಅಸ್ತರು, ಹುಕ್ಕು, ನೂಲು ಸೇರಿ ಅವಳ ಕೈಯಿಂದ ಹೋಗಿದ್ದು 85. ಮೂರೂವರೆ ಗಂಟೆಯ ದುಡಿಮೆಗೆ ಸಿಕ್ಕಿದ್ದು 15 ರೂಪಾಯಿ. ಚಿಕ್ಕಮ್ಮ ಕೆಟ್ಟವರಲ್ಲ, ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ದರ ಬರೆದು ಗೋಡೆಗೆ ಹಾಕಿ. ಅಸ್ತರು ಬೇರೆ, ಹೊಲಿಗೆ ಬೇರೆ, ಸೀರೆ ಕುಚ್ಚು ಬೇರೆ. ನಂಟರಿಗೆ ಕಡಿಮೆ ಮಾಡಬೇಕೆನಿಸಿದರೆ ಮಾಡಿ, ಆದರೆ ಪುಸ್ತಕದಲ್ಲಿ ಪೂರ್ತಿ ದರ ಬರೆದು ಆಮೇಲೆ ಕಳೆಯಿರಿ. ಎಷ್ಟು ಬಿಟ್ಟುಕೊಟ್ಟಿರಿ ಅನ್ನುವುದು ನಿಮಗೆ ಗೊತ್ತಿರಬೇಕು.

ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಗಿರಾಕಿಗಳಿಗೆ ಪುರುಸೊತ್ತಿಲ್ಲ, ನಿಮ್ಮ ಮನೆಯಲ್ಲೂ ಸುಲಿಯುವ ಕೆಲಸ ಇರುತ್ತದೆ. ಅಡಿಕೆ ದುಡ್ಡು ಕೈಗೆ ಬಂದು ಮದುವೆ ಶುರುವಾದರೆ ಹೊಲಿಗೆ ರಾಶಿ ಬೀಳುತ್ತದೆ. ಅದನ್ನು ನೋಡಿಕೊಂಡು ಸಾಲದ ಕಂತು ಮಾತಾಡಿ. ಸಾಲ ಅಂದೆನಲ್ಲ, 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ. ಸಲಕರಣೆಗೆ 15,000 ರೂಪಾಯಿವರೆಗೆ ನೆರವು, ಮೊದಲ ಹಂತದಲ್ಲಿ 1 ಲಕ್ಷದವರೆಗೆ ಶೇಕಡಾ 5ರ ಬಡ್ಡಿಗೆ ಸಾಲ. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ. ಮನೆಯಲ್ಲಿ ಕೂತು ಅದು ನಿಮ್ಮ ಹೆಸರಿಗೇ ಅಂತ ಮೊದಲೇ ಮಾತಾಡಿಕೊಳ್ಳಿ. ಅಪ್ಪಂದಿರೂ ಇಲ್ಲೇ ಇದ್ದೀರಿ, ಅದಕ್ಕೇ ಹೇಳುತ್ತಿದ್ದೇನೆ.

ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ ಚರಕ ಅನ್ನುವ ಮಹಿಳಾ ಸಹಕಾರ ಸಂಘದ ಹೆಣ್ಣುಮಕ್ಕಳು ಕೈಮಗ್ಗದ ಬಟ್ಟೆಗೆ ಅಡಿಕೆ ಚೊಗರಿನಿಂದ ಬಣ್ಣ ಕಟ್ಟುತ್ತಾರೆ. ನಮ್ಮ ಮನೆಯಂಗಳದ ಚೊಗರು ಅದು, ಕೈ ಕಪ್ಪಾಗುತ್ತದೆಂದು ನಾವು ಉಜ್ಜಿ ಉಜ್ಜಿ ತೊಳೆಯುವುದು. ಒಮ್ಮೆ ಎಲ್ಲರೂ ಸೇರಿ ಹೋಗಿ ಬನ್ನಿ. ಸರ್ಕಾರಿ ಬಸ್ಸಿದ್ದರೆ ಟಿಕೆಟ್ಟಿನ ಖರ್ಚೂ ಇಲ್ಲ.

ಪ್ರಮಾಣಪತ್ರದ ಜೊತೆ ಒಂದೊಂದು ಟೇಪು, ಒಂದೊಂದು ಲೆಕ್ಕದ ಪುಸ್ತಕ ಇಟ್ಟಿದ್ದೇನೆ. ಪುಸ್ತಕದ ಮೊದಲ ಪುಟದಲ್ಲಿ ನಿಮ್ಮ ದರಪಟ್ಟಿ ಬರೆದು, ವೇದಿಕೆಯಿಂದ ಇಳಿಯುವ ಮೊದಲು ಗಟ್ಟಿಯಾಗಿ ಓದಿ. ಮೇಗರವಳ್ಳಿಯವಳೇ, ಮೊದಲು ನೀನು ಬಾ. ಚಿಕ್ಕಮ್ಮನೂ ಮುಂದಿನ ಸಾಲಿನಲ್ಲೇ ಕೂತಿದ್ದಾರೆ.